ತಲೆಕಟ್ಟು ಇಲ್ಲದ ಅಕ್ಷರಕ್ಕೆ ‘ಅ’ ಸೇರಿಸಬೇಡಿ

ಅರಬ್ಬಿ ಲಿಪಿ ಕಲಿಯಲು ಬಂದವರ ಪುಸ್ತಕವನ್ನು ಮೂರನೇ ವಾರ ತೆಗೆದು ನೋಡಿದರೆ ನನಗೆ ಒಂದೇ ದೃಶ್ಯ ಕಾಣುತ್ತದೆ. ಪ್ರತಿ ಪದದ ಮೇಲೂ ಪೆನ್ಸಿಲ್‌ನಲ್ಲಿ ಸಣ್ಣ ಕನ್ನಡ ಅಕ್ಷರಗಳು. ಅದರಲ್ಲೂ ಮುಕ್ಕಾಲು ಪಾಲು ತಪ್ಪು. ಬಲದಿಂದ ಎಡಕ್ಕೆ ಓದುವುದು ಯಾರಿಗೂ ಜಾಸ್ತಿ ದಿನ ತೊಂದರೆ ಕೊಡುವುದಿಲ್ಲ. ಒಂದು ವಾರದಲ್ಲಿ ಕಣ್ಣು ತಾನೇ ಹೊಂದಿಕೊಳ್ಳುತ್ತದೆ. ತೊಂದರೆ ಇರುವುದು ಬೇರೆ ಕಡೆ, ಮತ್ತು ಅದು ನಾವು ಕನ್ನಡ ಚೆನ್ನಾಗಿ ಓದುತ್ತೇವೆ ಎಂಬುದರಿಂದಲೇ ಬರುತ್ತದೆ.

ನನ್ನ ತರಗತಿಯಲ್ಲಿ ನಿವೃತ್ತರೊಬ್ಬರಿದ್ದರು. ತುಂಬ ಶ್ರದ್ಧೆ. ಒಂದು ದಿನ ಬೋರ್ಡಿನ ಮೇಲೆ ಈ ಪದ ಬರೆದೆ:

حكم

ಅವರು ಅಕ್ಷರಗಳನ್ನು ಸರಿಯಾಗಿ ಗುರುತಿಸಿದರು. ಹ, ಕ, ಮ. ಆಮೇಲೆ ಧೈರ್ಯವಾಗಿ ‘ಹಕಮ’ ಎಂದು ಓದಿ, ‘ಇಂಥ ಪದ ಕೇಳೇ ಇಲ್ಲ ಮೇಡಂ’ ಎಂದರು. ‘ಕೇಳಿದ್ದೀರಿ ಸರ್, ಜೀವನವಿಡೀ ಕೇಳಿದ್ದೀರಿ’ ಎಂದೆ. ಅದು ನಮ್ಮ ‘ಹುಕುಂ’. ಅರಬ್ಬಿಯಲ್ಲಿ ಹುಕ್ಮ್, ಅಂದರೆ ತೀರ್ಪು, ಆಜ್ಞೆ.

ಅವರು ‘ಹಕಮ’ ಎಂದು ಓದಿದ್ದು ಏಕೆ? ಕನ್ನಡದ ‘ಕ’ ನಮಗೆ ಬೋಳು ಅಕ್ಷರದಂತೆ ಕಾಣುತ್ತದೆ. ಆದರೆ ಅದು ಬೋಳಲ್ಲ. ಅದರ ತಲೆಯ ಮೇಲೆ ತಲೆಕಟ್ಟು ಇದೆ, ಆ ತಲೆಕಟ್ಟೇ ‘ಅ’. ಸ್ವರ ಬೇಡವಾದರೆ ‘ಕ್’ ಎಂದು ಬೇರೆಯದೇ ಗುರುತು ಹಾಕುತ್ತೇವೆ. ಅಂದರೆ ಕನ್ನಡದಲ್ಲಿ ಸ್ವರದ ವಿಷಯ ಯಾವತ್ತೂ ಬರೆದೇ ಇರುತ್ತದೆ. ಅರಬ್ಬಿಯ ಬೋಳು ಅಕ್ಷರ ಹಾಗಲ್ಲ. ಅಲ್ಲಿ ‘ಅ’ ಇರಬಹುದು, ‘ಇ’ ಇರಬಹುದು, ‘ಉ’ ಇರಬಹುದು, ಏನೂ ಇಲ್ಲದೆಯೂ ಇರಬಹುದು. ಬರೆದವರು ಅದನ್ನು ಹೇಳಿಲ್ಲ, ಅಷ್ಟೇ.

ಹಾಗೆಂದು ಗುರುತುಗಳೇ ಇಲ್ಲ ಎಂದಲ್ಲ. ಅಕ್ಷರದ ಮೇಲೆ ಸಣ್ಣ ಓರೆಗೆರೆ ಎಳೆದರೆ ಫತ್ಹಾ, ಅದು ನಮ್ಮ ತಲೆಕಟ್ಟು. ಅದೇ ಗೆರೆ ಕೆಳಗಿದ್ದರೆ ಕಸ್ರಾ, ನಮ್ಮ ಗುಡಿಸು. ಮೇಲೆ ಪುಟ್ಟ ಸುರುಳಿ ಇದ್ದರೆ ದಮ್ಮಾ, ನಮ್ಮ ಕೊಂಬು. ಉರ್ದು ಕಲಿಯುವವರು ಇವನ್ನೇ ಜಬರ್, ಜೇರ್, ಪೇಶ್ ಎನ್ನುತ್ತಾರೆ. ಸ್ವರವೇ ಇಲ್ಲ ಎನ್ನಲು ಪುಟ್ಟ ಸೊನ್ನೆ, ಸುಕೂನ್. ಮಕ್ಕಳ ಪಾಠಪುಸ್ತಕದಲ್ಲಿ ಇವೆಲ್ಲ ಇರುತ್ತವೆ. ದಿನಪತ್ರಿಕೆಯಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ಗೊಂದಲ ಆಗಬಹುದಾದ ಕಡೆ ಮಾತ್ರ ಒಂದೋ ಎರಡೋ ಹಾಕುತ್ತಾರೆ.

ಇನ್ನು ಎರಡನೇ ಅಭ್ಯಾಸ. ಇದು ಸ್ವಲ್ಪ ಒಳಗೆ ಅಡಗಿರುತ್ತದೆ. ಕನ್ನಡದಲ್ಲಿ ಎರಡು ಅಕ್ಷರ ಅಂಟಿಕೊಂಡರೆ ಅದು ಒತ್ತಕ್ಷರ, ನಡುವೆ ಸ್ವರ ಇಲ್ಲ. ಅರಬ್ಬಿಯಲ್ಲಿ ಅಕ್ಷರಗಳು ಕೈಹಿಡಿದು ನಿಂತಿರುವುದನ್ನು ನೋಡಿದ ಕೂಡಲೇ ನಮ್ಮ ಮನಸ್ಸು ‘ಒತ್ತಕ್ಷರ’ ಎನ್ನುತ್ತದೆ. ಇಲ್ಲಿ ಜೋಡಣೆಗೂ ಉಚ್ಚಾರಕ್ಕೂ ಸಂಬಂಧವೇ ಇಲ್ಲ. ಅದು ಬರೀ ಕೈಬರಹದ ನಿಯಮ. ಆರು ಅಕ್ಷರಗಳು ತಮ್ಮ ಎಡಗಡೆಯ ಅಕ್ಷರವನ್ನು ಎಂದೂ ಹಿಡಿಯುವುದಿಲ್ಲ:

ا د ذ ر ز و

ಉಳಿದವೆಲ್ಲ ಹಿಡಿಯುತ್ತವೆ. ಉರ್ದುವಿನಲ್ಲಿ ಇದೇ ಆಕಾರದ ಇನ್ನು ಕೆಲವು ಈ ಗುಂಪಿಗೆ ಸೇರುತ್ತವೆ. ಈ ಆರನ್ನು ಬಾಯಿಪಾಠ ಮಾಡಿ. ಪ್ರತಿ ಅಕ್ಷರದ ನಾಲ್ಕು ರೂಪಗಳ ದೊಡ್ಡ ಪಟ್ಟಿ ಹಿಡಿದು ಕೂರುವುದಕ್ಕಿಂತ ಇದು ಹೆಚ್ಚು ಉಪಯೋಗಕ್ಕೆ ಬರುತ್ತದೆ. ಈಗ ಈ ಪದ ನೋಡಿ:

ورد

ಮೂರೂ ಅಕ್ಷರ ಬಿಡಿಬಿಡಿ. ಹಾಗಿದ್ದೂ ಗುಲಾಬಿ ಎನ್ನುವಾಗ ಇದನ್ನು ‘ವರ್ದ್’ ಎಂದು ಓದುತ್ತಾರೆ. ಬಿಡಿಯಾಗಿ ನಿಂತಿದ್ದರೂ ಕೊನೆಯ ಎರಡು ಅಕ್ಷರಗಳ ನಡುವೆ ಸ್ವರ ಇಲ್ಲ. ಮೊದಲಿನ ಪದದಲ್ಲಿ ಮೂರೂ ಅಂಟಿಕೊಂಡಿದ್ದವು, ಆದರೂ ಅದನ್ನೇ ‘ಹಕಮ’ ಎಂದು ಓದಿದರೆ ‘ಅವನು ತೀರ್ಪು ಕೊಟ್ಟ’ ಎಂಬ ಕ್ರಿಯಾಪದ. ಆಗ ಪ್ರತಿ ಅಕ್ಷರಕ್ಕೂ ಸ್ವರ ಇದೆ. ಹಾಗಾಗಿ ನಮ್ಮ ನಿವೃತ್ತರು ಓದಿದ್ದೂ ಒಂದು ನಿಜವಾದ ಪದವೇ. ಅದು ಅವರಿಗೆ ಗೊತ್ತಿರಲಿಲ್ಲ, ಸುಮ್ನೆ ಅಭ್ಯಾಸಬಲದಿಂದ ‘ಅ’ ಸೇರಿಸಿದ್ದರು.

ಹಾಗಾದರೆ ಗುರುತಿಲ್ಲದ ಪದವನ್ನು ಓದುವುದು ಹೇಗೆ? ಮೊದಲು ದೀರ್ಘ ಸ್ವರಗಳನ್ನು ಹುಡುಕಿ. ಅವನ್ನು ಸಾಮಾನ್ಯವಾಗಿ ಬರೆದೇ ಇರುತ್ತಾರೆ: ‘ಆ’ಗೆ ಅಲಿಫ್, ‘ಊ’ಗೆ ವಾವ್, ‘ಈ’ಗೆ ಯಾ. ನಮ್ಮ ಹ, ಕ, ಮ ಅಕ್ಷರಗಳ ನಡುವೆ ಅವು ಎಲ್ಲಿ ಕೂತಿವೆ ನೋಡಿ:

حاكم

حكيم

ಮೊದಲನೆಯದರಲ್ಲಿ ‘ಹ’ ಆದಮೇಲೆ ಅಲಿಫ್ ಇದೆ. ಹಾಕಿಮ್, ಅಂದರೆ ಆಳುವವನು. ಎರಡನೆಯದರಲ್ಲಿ ‘ಕ’ ಆದಮೇಲೆ ಯಾ ಇದೆ. ಹಕೀಮ್, ವಿವೇಕಿ. ವೈದ್ಯ ಎಂಬ ಅರ್ಥದಲ್ಲಿ ನಮಗೂ ಗೊತ್ತಿರುವ ಪದ. ದೀರ್ಘ ಸ್ವರದ ಜಾಗ ಸಿಕ್ಕಿದರೆ ಉಳಿದ ಹ್ರಸ್ವ ಸ್ವರಗಳು ಬಹುಮಟ್ಟಿಗೆ ಅಚ್ಚಿನಲ್ಲಿ ಕೂತಂತೆ ಬರುತ್ತವೆ. ಮೊದಲ ಅಕ್ಷರದ ನಂತರ ಅಲಿಫ್ ಇದ್ದು, ಅದು ಕೆಲಸ ಮಾಡುವವನ ಹೆಸರಾಗಿದ್ದರೆ, ಮುಂದೆ ಬರುವುದು ‘ಇ’. ಹಾಕಿಮ್‌ನಂತೆ ಕಾತಿಬ್, ಬರೆಯುವವನು. ತಾಲಿಬ್, ವಿದ್ಯಾರ್ಥಿ. ಆದರೆ ಒಂದು ಎಚ್ಚರ: ವಾವ್ ಮತ್ತು ಯಾ ಕೆಲವೊಮ್ಮೆ ‘ವ’, ‘ಯ’ ಎಂಬ ವ್ಯಂಜನಗಳೂ ಆಗುತ್ತವೆ. ಗುಲಾಬಿಯ ಮೊದಲ ಅಕ್ಷರ ವಾವೇ ಅಲ್ವಾ?

ದೀರ್ಘ ಸ್ವರವೇ ಇಲ್ಲದಿದ್ದರೆ ವಾಕ್ಯವನ್ನೇ ಕೇಳಬೇಕು. ನಮ್ಮ ಮೂರು ಅಕ್ಷರಗಳ ಮೊದಲಿಗೆ, ನಾಮಪದಕ್ಕೆ ಅಂಟುವ ‘ಅಲ್’ ಸೇರಿಸಿ:

الحكم

ಈಗ ಇದು ನಾಮಪದ. ‘ಅವನು ತೀರ್ಪು ಕೊಟ್ಟ’ ಎಂಬುದು ಬಿದ್ದುಹೋಯಿತು. ಉಳಿದವು ಮುಖ್ಯವಾಗಿ ಎರಡು: ಅಲ್‌ಹುಕ್ಮ್, ತೀರ್ಪು, ಅಲ್‌ಹಕಮ್, ಆಟದ ರೆಫರಿ. ವಾಕ್ಯದಲ್ಲಿ ನ್ಯಾಯಾಧೀಶರು ಇದನ್ನು ಹೊರಡಿಸಿದರು ಎಂದಿದ್ದರೆ ತೀರ್ಪು. ಇವರೇ ಸೀಟಿ ಊದಿದರು ಎಂದಿದ್ದರೆ ರೆಫರಿ. ಉರ್ದುವಿನಲ್ಲಿ ಇದಕ್ಕಿಂತ ಚಿಕ್ಕ ಪದವೇ ಕಾಡುತ್ತದೆ. ಅಲಿಫ್ ಮತ್ತು ಸೀನ್, ಎರಡೇ ಅಕ್ಷರ. ‘ಇಸ್’ ಎಂದರೆ ಹತ್ತಿರದ್ದು, ‘ಉಸ್’ ಎಂದರೆ ದೂರದ್ದು. ಗುರುತಿಲ್ಲದಿದ್ದರೆ ಎರಡೂ ಒಂದೇ ರೂಪ:

اس

ಇಲ್ಲಿ ‘ಅಸ್’ ಎಂದು ಓದುವವರನ್ನು ನಾನು ಪ್ರತಿ ತಂಡದಲ್ಲೂ ನೋಡಿದ್ದೇನೆ.

ಆ ಪೆನ್ಸಿಲ್ ಕನ್ನಡದ ಮೇಲೆ ನನಗೆ ಸಿಟ್ಟು ಇರುವುದು ಇದಕ್ಕೇ. ಕಣ್ಣು ಮೇಲಿನ ಸಾಲನ್ನೇ ಓದುತ್ತದೆ, ಕೆಳಗಿನದು ಚಿತ್ರವಾಗಿ ಉಳಿಯುತ್ತದೆ. ಅದರ ಬದಲು ಹೀಗೆ ಮಾಡಿ. ಗುರುತುಗಳಿರುವ ಐದಾರು ಸಾಲಿನ ಪಾಠ ತೆಗೆದುಕೊಳ್ಳಿ. ಮೂರು ದಿನ ಗಟ್ಟಿಯಾಗಿ ಓದಿ, ಪದಗಳು ಕಿವಿಯಲ್ಲಿ ಕೂರಲಿ. ನಾಲ್ಕನೇ ದಿನ ಅದನ್ನೇ ಗುರುತುಗಳಿಲ್ಲದೆ ನಕಲು ಮಾಡಿ. ಐದನೇ ದಿನ ಆ ನಕಲನ್ನು ಓದಿ. ತಡವರಿಸಿದ ಪದಕ್ಕೆ ಒಂದೇ ಒಂದು ಗುರುತು ಹಾಕಿ, ತಪ್ಪಿದ ಸ್ವರಕ್ಕೆ ಮಾತ್ರ. ಎಲ್ಲಕ್ಕೂ ಹಾಕಬೇಡಿ. ಗೊತ್ತಿಲ್ಲದ ಪದ ಬಂದರೆ ವ್ಯಂಜನಗಳನ್ನಷ್ಟೇ ಹೇಳಿ ನಿಲ್ಲಿಸಿ. ‘ಹ್, ಕ್, ಮ್, ಸ್ವರ ಗೊತ್ತಿಲ್ಲ’ ಎಂದರೆ ಅದು ಸರಿಯಾದ ಉತ್ತರ. ಎಂದೂ ಕೇಳದ ಹೆಸರು ಎದುರಾದರೆ ಅದೇ ಭಾಷೆಯಲ್ಲಿ ಹುಟ್ಟಿ ಬೆಳೆದವರೂ ಅಲ್ಲಿಗೇ ನಿಲ್ಲಬೇಕಾಗುತ್ತದೆ.

ಆ ನಿವೃತ್ತರು ಎರಡು ವಾರ ಬಿಟ್ಟು ಬೋರ್ಡಿನ ಮೇಲೆ ಇದನ್ನು ನೋಡಿದರು:

محكمة

ತಕ್ಷಣ ಓದಲಿಲ್ಲ. ‘ಮೊದಲಲ್ಲಿ ಒಂದು ಮ, ಆಮೇಲೆ ನಮ್ಮ ಹುಕುಮಿನ ಮೂರು ಅಕ್ಷರ, ಕೊನೆಗೆ ಸ್ತ್ರೀಲಿಂಗದ ಗುರುತು. ಹುಕುಂ ಕೊಡುವ ಜಾಗ ಇರಬೇಕು ಮೇಡಂ. ಸ್ವರ ನೀವೇ ಹೇಳಿ’ ಎಂದರು. ಮಹ್ಕಮಾ ಎಂದೆ. ನ್ಯಾಯಾಲಯ.