ಸ್ಕ್ರೀನ್‌ಶಾಟ್‌ನಲ್ಲಿ ಉಳಿದ ಸಾರಿನ ಪುಡಿ

ಫೋನ್ ಬದಲಾಯಿಸಿದಾಗ ಹಳೆಯ ಚಾಟ್ ಹೋಯಿತು. ದೊಡ್ಡಮ್ಮ ಹೇಳಿಕೊಟ್ಟ ಸಾರಿನ ಪುಡಿಯ ಅಳತೆ ಕೆಲವು ಸ್ಕ್ರೀನ್‌ಶಾಟ್‌ಗಳಲ್ಲಿ ಮಾತ್ರ ಉಳಿಯಿತು. ಚಿತ್ರದಲ್ಲಿರುವ ಮಾತನ್ನು ನೇರವಾಗಿ ಹುಡುಕಲೂ ಆಗುವುದಿಲ್ಲ, ಕಾಪಿ ಮಾಡಿ ತಂಗಿಗೆ ಕಳಿಸಲೂ ಆಗುವುದಿಲ್ಲ. ಫೋನಿನ ಪಾಲಿಗೆ ಅದು ಬರೀ ಬಣ್ಣದ ಚುಕ್ಕಿಗಳು.

ಆ ಚುಕ್ಕಿಗಳಿಂದ ಅಕ್ಷರ ಗುರುತಿಸುವ ತಂತ್ರಕ್ಕೆ ಒಸಿಆರ್ ಎನ್ನುತ್ತಾರೆ. ಟೆಸರಾಕ್ಟ್ ಎಂಬ ಉಚಿತ ಸಾಫ್ಟ್‌ವೇರ್ ಈ ಕೆಲಸ ಮಾಡುತ್ತದೆ. 1980ರ ದಶಕದಲ್ಲಿ ಎಚ್‌ಪಿ ಕಂಪನಿಯಲ್ಲಿ ಶುರುವಾದ ಇದು 2005ರಲ್ಲಿ ಎಲ್ಲರಿಗೂ ಮುಕ್ತವಾಯಿತು. ಕನ್ನಡವನ್ನೂ ಓದುತ್ತದೆ. ಈಗಿನ ಆವೃತ್ತಿಗಳು ಒಂದೊಂದೇ ಅಕ್ಷರವನ್ನು ಕತ್ತರಿಸಿ ನೋಡುವುದಿಲ್ಲ. ಇಡೀ ಸಾಲನ್ನು ಎಡದಿಂದ ಬಲಕ್ಕೆ ಓದುತ್ತಾ, ಅಕ್ಕಪಕ್ಕದ ಆಕಾರಗಳನ್ನೂ ಗಮನಿಸಿ ಇದು ಯಾವ ಅಕ್ಷರ ಎಂದು ತೀರ್ಮಾನಿಸುತ್ತವೆ.

ಕೊಡುವ ಚಿತ್ರ ಚೆನ್ನಾಗಿದ್ದರೆ ಅರ್ಧ ಕೆಲಸ ಮುಗಿದ ಹಾಗೆ. ಫಾರ್ವರ್ಡ್ ಆಗಿ ಬಂದ ಚಿತ್ರ ಕುಗ್ಗಿ ಮಸುಕಾಗಿರುತ್ತದೆ, ಮೂಲ ಚಿತ್ರವೇ ಇದ್ದರೆ ಒಳ್ಳೆಯದು. ಕನ್ನಡದ ಒತ್ತಕ್ಷರಗಳು ಮೊದಲೇ ಚಿಕ್ಕವು. ‘ದ’ ಮತ್ತು ‘ಧ’ಗಳ ನಡುವೆ ಇರುವುದೇ ಒಂದು ಸಣ್ಣ ಗೀಟಿನ ವ್ಯತ್ಯಾಸ. ಅದಕ್ಕೇ ಚಿತ್ರವನ್ನು ಎರಡು ಪಟ್ಟು ದೊಡ್ಡದು ಮಾಡಿ ಓದಿಸಬೇಕು. ಕಪ್ಪು ಹಿನ್ನೆಲೆಯ ಚಾಟ್ ಆಗಿದ್ದರೆ ಬಣ್ಣವನ್ನೂ ತಿರುಗಿಸಬೇಕು, ಯಾಕೆಂದರೆ ಟೆಸರಾಕ್ಟ್‌ಗೆ ಬಿಳಿಯ ಮೇಲಿನ ಕಪ್ಪು ಅಕ್ಷರವೇ ಸಲೀಸು.

```
magick chat.png -colorspace Gray -negate -resize 200% big.png
tesseract big.png chat -l kan+eng --psm 6 tsv
```

ಮೊದಲ ಸಾಲಿನ `magick` ಚಿತ್ರ ತಿದ್ದುವ ಇಮೇಜ್‌ಮ್ಯಾಜಿಕ್ ಎಂಬ ಸಾಫ್ಟ್‌ವೇರಿನದು. ಬಿಳಿ ಹಿನ್ನೆಲೆಯಾದರೆ `-negate` ತೆಗೆದುಬಿಡಿ. ಕೊನೆಯ `tsv` ಯಾಕೆ ಅನ್ನುವುದನ್ನು ಮುಂದೆ ಹೇಳುತ್ತೇನೆ.

ಬರುವ ತಪ್ಪುಗಳಲ್ಲಿ ಕೆಲವು ಕಣ್ಣಿಗೆ ರಾಚುತ್ತವೆ. ಇಮೋಜಿ ಇದ್ದ ಕಡೆ ಏನೇನೋ ಚಿಹ್ನೆ ಬರುತ್ತದೆ, ಸಂದೇಶ ತಲುಪಿದ ಗುರುತಿನ ಟಿಕ್ ಇಂಗ್ಲಿಷ್ ಅಕ್ಷರವಾಗಿಬಿಡುತ್ತದೆ. ಇವನ್ನು ಅಳಿಸಿದರೆ ಆಯಿತು. ನಿಜವಾದ ತೊಂದರೆ ಇರುವುದು ಸರಿಯಾಗಿಯೇ ಕಾಣುವ ತಪ್ಪುಗಳಲ್ಲಿ.

‘ಮೆಂತ್ಯ’ ಎಂಬ ಪದವನ್ನೇ ನೋಡಿ. ಇದರಲ್ಲಿರುವ ಸೊನ್ನೆ ಅನುಸ್ವಾರ. ಕನ್ನಡದ ಅಂಕಿ ಸೊನ್ನೆಯೂ ನೋಡಲು ಹಾಗೇ ಇದೆ, ಆದರೆ ಕಂಪ್ಯೂಟರಿಗೆ ಎರಡೂ ಬೇರೆ ಬೇರೆ: ಅನುಸ್ವಾರದ ಸಂಕೇತ U+0C82, ಅಂಕಿಯದು U+0CE6. ಒಸಿಆರ್ ಒಂದರ ಬದಲು ಇನ್ನೊಂದನ್ನು ಹಾಕಿದರೆ ಓದುವಾಗ ಗೊತ್ತೇ ಆಗುವುದಿಲ್ಲ. ‘ಮೆಂತ್ಯ’ ಎಂದು ಹುಡುಕಿದಾಗ ಕಣ್ಣೆದುರಿಗಿರುವ ಪದ ಸಿಗದೇ ಹೋದರೆ ಇದೇ ಆಗಿದೆ ಎಂದು ತಿಳಿಯಬಹುದು. ಚಾಟ್‌ನಲ್ಲಿ ಜನ ಸಾಮಾನ್ಯವಾಗಿ 1, 2 ಎಂದೇ ಬರೆಯುವುದರಿಂದ, ಕನ್ನಡದ ಅಂಕಿಗಳು ಬಂದಿಲ್ಲ ಎಂದು ಖಾತ್ರಿ ಮಾಡಿಕೊಂಡು ಎಲ್ಲ ೦ ಗಳನ್ನೂ ಒಟ್ಟಿಗೆ ಬದಲಾಯಿಸಬಹುದು. ಅರ್ಕಾವತ್ತು ಮತ್ತು ಅಂಕಿ ೯ರ ಕಥೆಯೂ ಇದೇ.

ಇಂಗ್ಲಿಷ್ ಲಿಪಿಯಲ್ಲಿ ಬರೆದ ಕನ್ನಡ ಇನ್ನೂ ಕಷ್ಟ. ದೊಡ್ಡಮ್ಮನ ಉತ್ತರ ಹೀಗಿತ್ತು: `Illa, 1 saaku`. ಫೋನು ಮೊದಲ ಅಕ್ಷರವನ್ನು ತಾನಾಗಿ ದೊಡ್ಡದು ಮಾಡಿದೆ. ಫೋನಿನ ಅಕ್ಷರಶೈಲಿಯಲ್ಲಿ ದೊಡ್ಡ `I` ಒಂದು ನೆಟ್ಟಗಿನ ಗೀಟು, ಚಿಕ್ಕ `l` ಕೂಡ ಅಂಥದೇ. `Illa` ಅಂದರೆ ಸಾಲಾಗಿ ಮೂರು ಗೀಟು, ಆಮೇಲೆ ಒಂದು `a`. ಮುಂದೆ ಬರುವ 1 ಕೂಡ ಸುಮಾರಾಗಿ ಗೀಟೇ. ಇಂಗ್ಲಿಷ್ ಪದಗಳಾಗಿದ್ದರೆ ನಿಘಂಟಿನ ಆಸರೆ ಇರುತ್ತಿತ್ತು. `saaku` ಯಾವ ಇಂಗ್ಲಿಷ್ ನಿಘಂಟಿನಲ್ಲಿದೆ ಹೇಳಿ! ಹಾಗಾಗಿ ಅಳತೆಯ ಅಂಕಿಗಳನ್ನೆಲ್ಲ ಚಿತ್ರದ ಪಕ್ಕ ಇಟ್ಟು ಒಂದೊಂದಾಗಿ ನೋಡಲೇಬೇಕು. ½ ಅಂತೂ ತುಂಬಾ ಸಣ್ಣದು, ಅದು 12 ಆಗಿಬಿಟ್ಟರೆ ಪುಡಿ ಕೆಟ್ಟಂತೆಯೇ.

ಇದಕ್ಕಿಂತ ದೊಡ್ಡ ನಷ್ಟ ಒಂದಿದೆ. ‘ಮೆಂತ್ಯ 2 ಚಮಚ’ ಎಂದು ಬರೆದದ್ದು ನಾನು, ಕೇಳುವ ಧಾಟಿಯಲ್ಲಿ, ಪ್ರಶ್ನೆ ಚಿಹ್ನೆ ಹಾಕದೆ. ಚಾಟ್‌ನಲ್ಲಿ ಅದು ಬಲಕ್ಕಿತ್ತು, ಉತ್ತರ ಎಡಕ್ಕಿತ್ತು. ಬರೀ ಪಠ್ಯ ತೆಗೆದರೆ ಎಡ-ಬಲ ಹೋಗುತ್ತದೆ, ಎರಡು ಚಮಚ ದೊಡ್ಡಮ್ಮನ ಮಾತಾಗಿಬಿಡುತ್ತದೆ. `tsv` ಬೇಕಾಗುವುದು ಇಲ್ಲೇ. ಅದು ಪ್ರತಿ ಪದದ ಜೊತೆಗೆ ಆ ಪದ ಚಿತ್ರದ ಎಡ ಅಂಚಿನಿಂದ ಎಷ್ಟು ದೂರ ಇದೆ ಅನ್ನುವುದನ್ನು `left` ಎಂಬ ಕಾಲಮ್‌ನಲ್ಲಿ ಕೊಡುತ್ತದೆ. ಎದುರಿನವರ ಸಂದೇಶದ ಸಾಲುಗಳೆಲ್ಲ ಹೆಚ್ಚು ಕಡಿಮೆ ಒಂದೇ ಜಾಗದಿಂದ, ಎಡ ಅಂಚಿಗೆ ಹತ್ತಿರದಿಂದ ಶುರುವಾಗುತ್ತವೆ. ನಮ್ಮ ಸಾಲುಗಳು ಬಲಕ್ಕೆ ಸರಿದಿರುತ್ತವೆ, ಸಂದೇಶದ ಉದ್ದ ಬದಲಾದಂತೆ ಶುರುವಾಗುವ ಜಾಗವೂ ಬದಲಾಗುತ್ತದೆ. ಸಾಲಿನ ಮೊದಲ ಪದದ `left` ನೋಡಿದರೆ ಮಾತು ಯಾರದ್ದು ಎಂದು ತಿಳಿಯುತ್ತದೆ.

ಅದೇ ಪಟ್ಟಿಯಲ್ಲಿ `conf` ಎಂಬ ಕಾಲಮ್ ಕೂಡ ಇದೆ. ಓದಿದ ಪದದ ಮೇಲೆ ಟೆಸರಾಕ್ಟ್‌ಗೆ ಎಷ್ಟು ನಂಬಿಕೆ ಎಂಬುದನ್ನು ಅದು ನೂರಕ್ಕೆ ಇಷ್ಟು ಎಂದು ಹೇಳುತ್ತದೆ. ಕಡಿಮೆ ಇದ್ದ ಪದಗಳನ್ನು ಮೊದಲು ತಿದ್ದಿ. ಆದರೆ ಜಾಸ್ತಿ ಇದ್ದ ಮಾತ್ರಕ್ಕೆ ಸರಿ ಅಂತ ಅಲ್ಲ, ಸೊನ್ನೆಯ ತಪ್ಪನ್ನು ಅದು ಧೈರ್ಯವಾಗಿಯೇ ಮಾಡಬಹುದು. ಒಂದಾದ ಮೇಲೊಂದು ತೆಗೆದ ಸ್ಕ್ರೀನ್‌ಶಾಟ್‌ಗಳಲ್ಲಿ ಒಂದೆರಡು ಸಂದೇಶ ಎರಡು ಸಲ ಬಂದಿರುತ್ತವಲ್ಲ, ಅವನ್ನು ಅಳಿಸುವ ಮೊದಲು ಹೋಲಿಸಿ ನೋಡಿ. ಒಂದೇ ಮಾತನ್ನು ಎರಡು ಕಡೆ ಬೇರೆ ಬೇರೆಯಾಗಿ ಓದಿದ್ದರೆ ಒಂದಂತೂ ತಪ್ಪು.

ಇನ್ನು ತಾರೀಕು. ಚಾಟ್‌ನಲ್ಲಿ ‘ನಿನ್ನೆ’ ಎಂದಿದ್ದರೆ ಅದು ಸ್ಕ್ರೀನ್‌ಶಾಟ್ ತೆಗೆದ ದಿನದ ಹಿಂದಿನ ದಿನ. ಆ ದಿನ ಯಾವುದೆಂದು ಎಷ್ಟೋ ಫೋನ್‌ಗಳು ಫೈಲಿನ ಹೆಸರಲ್ಲೇ ಬರೆದಿರುತ್ತವೆ: `Screenshot_20190814-213205.png` ಎಂದರೆ 2019ರ ಆಗಸ್ಟ್ 14, ರಾತ್ರಿ 9:32. ಅಂದರೆ ಅದರಲ್ಲಿ ‘ನಿನ್ನೆ’ ಎಂದಿರುವುದು ಆಗಸ್ಟ್ 13. ಫೈಲಿನ ಹೆಸರು ಬದಲಾಯಿಸುವ ಮೊದಲು ಇದನ್ನು ಪಠ್ಯದ ಮೇಲೆ ಬರೆದಿಟ್ಟುಕೊಳ್ಳಿ.