ಮಾರಾಟವಿಲ್ಲದೆ ಹಣ ತಿನ್ನುವ ಉತ್ಪನ್ನಗಳನ್ನು ಹುಡುಕುವುದು: ಶಾಪಿಂಗ್ ಕ್ಯಾಂಪೇನ್ ಟಿಪ್ಪಣಿ

ಗೂಗಲ್‌ನಲ್ಲಿ ಅಂಗಡಿಯ ಉತ್ಪನ್ನಗಳ ಜಾಹೀರಾತು ತೋರಿಸುವ ಶಾಪಿಂಗ್ ಕ್ಯಾಂಪೇನ್‌ನ ಉತ್ಪನ್ನವಾರು ವರದಿ ತೆಗೆದು, ಕನ್ವರ್ಶನ್, ಅಂದರೆ ಕ್ಲಿಕ್ ನಂತರದ ಖರೀದಿಯಂಥ ಕ್ರಿಯೆ, ಸೊನ್ನೆ ಇರುವ ಸಾಲುಗಳನ್ನು ಬೇರೆ ಮಾಡಿ, ಎಲ್ಲವನ್ನೂ ಕ್ಯಾಂಪೇನ್‌ನಿಂದ ಹೊರಗೆ ಹಾಕುವುದು. ಕಲಿಯಲು ಶುರು ಮಾಡಿದಾಗ ನಾನು ಮಾಡಿದ್ದು ಇದನ್ನೇ. ಮುಂದಿನ ತಿಂಗಳು ಮತ್ತೆ ಅಷ್ಟೇ ಉದ್ದದ ಸೊನ್ನೆ ಪಟ್ಟಿ ಬಂತು, ಒಟ್ಟು ಮಾರಾಟವೂ ಕಡಿಮೆಯಾಗಿತ್ತು. ಯಾಕೆ ಹೀಗಾಯಿತು ಎಂದು ತಿಳಿಯಲು ನನಗೆ ಬಹಳ ದಿನ ಹಿಡಿಯಿತು. ಈ ಟಿಪ್ಪಣಿ ಅದರ ಬಗ್ಗೆಯೇ.

ಮೊದಲು ಅಂಕಿ ತೆಗೆಯೋಣ. ಗೂಗಲ್ ಆ್ಯಡ್ಸ್‌ನಲ್ಲಿ ಉತ್ಪನ್ನವಾರು ಲೆಕ್ಕ ಸಿಗುವುದು ಈ ಕ್ವೆರಿಯಿಂದ:

```
SELECT
  segments.product_item_id,
  segments.product_title,
  segments.product_type_l1,
  metrics.clicks,
  metrics.cost_micros,
  metrics.conversions
FROM shopping_performance_view
WHERE segments.date BETWEEN '2025-01-01' AND '2025-03-01'
  AND metrics.clicks > 0
ORDER BY metrics.cost_micros DESC
```

ಖರ್ಚು ಮೈಕ್ರೋದಲ್ಲಿ ಬರುತ್ತದೆ, 10 ಲಕ್ಷದಿಂದ ಭಾಗಿಸಿದರೆ ನಿಜವಾದ ಮೊತ್ತ. ದಿನಾಂಕವನ್ನು ಇವತ್ತಿನವರೆಗೆ ಎಳೆಯಬೇಡಿ. ಕೆಲವರು ಕ್ಲಿಕ್ ಮಾಡಿದ ವಾರದ ನಂತರ ಕೊಳ್ಳುತ್ತಾರೆ. ಆ ಮಾರಾಟ ವರದಿಯಲ್ಲಿ ಕ್ಲಿಕ್ ಆದ ದಿನಕ್ಕೇ ಸೇರುತ್ತದೆ. ಹಾಗಾಗಿ ಕೊನೆಯ ಕೆಲವು ದಿನಗಳು ಯಾವಾಗಲೂ ಇರುವುದಕ್ಕಿಂತ ಬಡವಾಗಿ ಕಾಣುತ್ತವೆ. ನಾನು ಕೊನೆಯ ಎರಡು ವಾರ ಬಿಟ್ಟು ಅದರ ಹಿಂದಿನ 60 ದಿನ ತೆಗೆದುಕೊಳ್ಳುತ್ತೇನೆ.

ಇನ್ನೂ ಎರಡು ವಿಷಯ ಇಲ್ಲೇ ನೋಡಿಕೊಳ್ಳಿ. ಖಾತೆಯಲ್ಲಿ 'ಕಾರ್ಟ್‌ಗೆ ಹಾಕಿದರು' ಎಂಬುದನ್ನೂ ಮುಖ್ಯ ಕನ್ವರ್ಶನ್ ಎಂದು ಇಟ್ಟಿದ್ದರೆ, ಒಂದೂ ಮಾರಾಟವಾಗದ ಉತ್ಪನ್ನವೂ ಚೆನ್ನಾಗಿ ಓಡುತ್ತಿರುವಂತೆ ಕಾಣುತ್ತದೆ. ಖರೀದಿ ಒಂದನ್ನೇ ಎಣಿಸಿ. ಇನ್ನೊಂದು, ಒಂದು ಮಾರಾಟದ ಶ್ರೇಯ ಹಲವು ಕ್ಲಿಕ್‌ಗಳಿಗೆ ಹಂಚಿಹೋಗುವ ಲೆಕ್ಕ ಇದ್ದರೆ 0.2, 0.3 ಎಂಬ ಕನ್ವರ್ಶನ್‌ಗಳು ಬರುತ್ತವೆ. ಸರಿಯಾಗಿ ಸೊನ್ನೆ ಇರುವುದನ್ನೇ ಹುಡುಕಿದರೆ 300 ಕ್ಲಿಕ್ ತಿಂದು 0.2 ತೋರಿಸುವ ಉತ್ಪನ್ನ ತಪ್ಪಿಸಿಕೊಳ್ಳುತ್ತದೆ. 0.5ಕ್ಕಿಂತ ಕಡಿಮೆ ಎಂದು ಸೋಸುವುದು ಒಳ್ಳೆಯದು. ಕೆಳಗೆ ನಾನು 'ಸೊನ್ನೆ' ಎಂದಾಗ ಇದನ್ನೇ ಅಂದುಕೊಳ್ಳಿ.

ಎಷ್ಟು ಕ್ಲಿಕ್ ಆದಮೇಲೆ ಸೊನ್ನೆಗೆ ಅರ್ಥ ಬರುತ್ತದೆ

ಒಂದು ಉದಾಹರಣೆ ಕಟ್ಟಿಕೊಳ್ಳೋಣ. ಮೊಬೈಲ್ ಬಿಡಿ ಸಾಮಾನು ಮಾರುವ ಅಂಗಡಿ. ಅಂಕಿಗಳು ಕಲಿಕೆಗೆ ನಾನೇ ಮಾಡಿಕೊಂಡವು. 60 ದಿನಗಳಲ್ಲಿ 400 ಉತ್ಪನ್ನಗಳಿಗೆ ಒಟ್ಟು 12,000 ಕ್ಲಿಕ್, 240 ಮಾರಾಟ. ಅಂದರೆ ನೂರು ಕ್ಲಿಕ್‌ಗೆ 2 ಮಾರಾಟ. ಲೆಕ್ಕ ಸುಲಭವಾಗಲಿ ಎಂದು ಎಲ್ಲ ಕ್ಲಿಕ್‌ಗೂ ಒಂದೇ ಖರ್ಚು ಎಂದಿಟ್ಟುಕೊಳ್ಳಿ.

ಈಗ ಒಂದು ಉತ್ಪನ್ನಕ್ಕೆ 14 ಕ್ಲಿಕ್ ಬಂದಿದೆ, ಮಾರಾಟ ಸೊನ್ನೆ. ಕೆಟ್ಟದ್ದಾ? ಸರಾಸರಿಯಷ್ಟೇ ಚೆನ್ನಾಗಿರುವ ಉತ್ಪನ್ನಕ್ಕೂ ಒಂದು ಕ್ಲಿಕ್ ಖಾಲಿ ಹೋಗುವ ಸಾಧ್ಯತೆ 0.98. ಹದಿನಾಲ್ಕೂ ಖಾಲಿ ಹೋಗುವ ಸಾಧ್ಯತೆ 0.98ರ 14ನೇ ಘಾತ, ಅಂದರೆ ಸುಮಾರು 0.75. ಇಂಥ ನಾಲ್ಕು ಒಳ್ಳೆಯ ಉತ್ಪನ್ನ ತೆಗೆದುಕೊಂಡರೆ ಮೂರು ಸುಮ್ನೆ ಸೊನ್ನೆ ತೋರಿಸುತ್ತವೆ. 50 ಕ್ಲಿಕ್ ಆದರೂ ಈ ಸಾಧ್ಯತೆ 0.36 ಉಳಿಯುತ್ತದೆ. 150 ಕ್ಲಿಕ್ ತಲುಪಿದಾಗ ಮಾತ್ರ ಅದು 0.05ಕ್ಕೆ ಇಳಿಯುತ್ತದೆ.

ಇದಕ್ಕೆ ಒಂದು ಸುಲಭ ಲೆಕ್ಕವಿದೆ: 3ನ್ನು ಮಾರಾಟದ ದರದಿಂದ ಭಾಗಿಸಿ. ದರ 0.02 ಆದರೆ 150 ಕ್ಲಿಕ್. 0.01 ಆದರೆ 300. 0.05 ಆದರೆ 60. ಅಷ್ಟು ಕ್ಲಿಕ್ ಆದರೂ ಸೊನ್ನೆ ಇದ್ದರೆ ಆ ಉತ್ಪನ್ನ ಸರಾಸರಿಗಿಂತ ಕೆಳಗಿದೆ ಎಂದು ಹೆಚ್ಚುಕಡಿಮೆ ಧೈರ್ಯವಾಗಿ ಹೇಳಬಹುದು. ಹೆಚ್ಚುಕಡಿಮೆ ಎಂದಿದ್ದು ಬೇಕೆಂದೇ. ಒಳ್ಳೆಯ 20 ಉತ್ಪನ್ನಗಳಿಗೆ ತಲಾ 150 ಕ್ಲಿಕ್ ಆಗಿದ್ದರೆ, ಅವುಗಳಲ್ಲಿ ಒಂದು ಬರೀ ದುರದೃಷ್ಟದಿಂದ ಸೊನ್ನೆ ತೋರಿಸುವುದು ಸಹಜ.

ನಮ್ಮ ಅಂಗಡಿಯ 400ರಲ್ಲಿ 90 ಉತ್ಪನ್ನಗಳಿಗೆ ಮಾರಾಟ ಇದೆ, ಅವುಗಳ ಕ್ಲಿಕ್ 7,000. 150 ದಾಟಿಯೂ ಸೊನ್ನೆ ಇರುವುದು 4 ಉತ್ಪನ್ನ ಮಾತ್ರ, ಅವುಗಳಿಗೆ 800 ಕ್ಲಿಕ್. ಈ ನಾಲ್ಕನ್ನು ಒಂದೊಂದಾಗಿ ತೆರೆದು ನೋಡಬೇಕು. ಪುಟ ತೆರೆಯುತ್ತದಾ, ಜಾಹೀರಾತಿನ ಚಿತ್ರದಲ್ಲಿರುವ ಬಣ್ಣ ನಿಜವಾಗಿ ಸ್ಟಾಕ್‌ನಲ್ಲಿದೆಯಾ, ಬೇರೆ ಅಂಗಡಿಗಳ ಬೆಲೆಗಿಂತ ತುಂಬಾ ಜಾಸ್ತಿಯಾ. ಕಾರಣ ಸಾಮಾನ್ಯವಾಗಿ ಹತ್ತು ನಿಮಿಷದಲ್ಲಿ ಸಿಗುತ್ತದೆ.

ಕಷ್ಟ ಇರುವುದು ಉಳಿದ 306ರಲ್ಲಿ. ಒಂದಕ್ಕೂ 150 ಕ್ಲಿಕ್ ಆಗಿಲ್ಲ. ಸರಾಸರಿ 14 ಕ್ಲಿಕ್ ಅಷ್ಟೇ. ಒಂದೊಂದಾಗಿ ನೋಡಿದರೆ ಯಾವುದರ ಮೇಲೂ ತಪ್ಪು ಹೊರಿಸಲು ಆಗುವುದಿಲ್ಲ. ಆದರೆ ಒಟ್ಟು ಕೂಡಿಸಿದರೆ 4,200 ಕ್ಲಿಕ್, ಅಂದರೆ ಬಜೆಟ್‌ನ 35 ಶೇಕಡಾ. ದೊಡ್ಡ ಸೋರಿಕೆ ಇದ್ದರೆ ಅದು ಇಲ್ಲೇ ಅಡಗಿರುತ್ತದೆ, ಆ ನಾಲ್ಕರಲ್ಲಿ ಅಲ್ಲ.

ಕೂಡಿಸುವಾಗ ಆಗುವ ತಪ್ಪು

ನಾನು ಎಡವಿದ್ದು ಇಲ್ಲೇ. '4,200 ಕ್ಲಿಕ್, ಮಾರಾಟ ಸೊನ್ನೆ. ಸರಾಸರಿ ಪ್ರಕಾರ 84 ಬರಬೇಕಿತ್ತು. ಹಾಗಾದರೆ ಇವೆಲ್ಲ ಕೆಟ್ಟವು' ಎಂದು ತೀರ್ಮಾನಿಸಿದ್ದೆ. ಈ ಲೆಕ್ಕ ತಪ್ಪು. ಸೊನ್ನೆ ಇರುವುದನ್ನೇ ಆರಿಸಿ ಗುಂಪು ಮಾಡಿದ ಮೇಲೆ ಗುಂಪಿನ ಮೊತ್ತ ಸೊನ್ನೆಯೇ ಆಗಬೇಕಲ್ವಾ? ಅದು ಏನನ್ನೂ ಸಾಬೀತು ಮಾಡುವುದಿಲ್ಲ. ಆ ಪಟ್ಟಿಯಲ್ಲಿ ನಿಜವಾಗಿ ಕೆಟ್ಟವೂ ಇವೆ, ಇನ್ನೂ ಸರದಿ ಬರದ ಒಳ್ಳೆಯವೂ ಇವೆ. ನಾನು ಎರಡನ್ನೂ ಒಟ್ಟಿಗೆ ಕಿತ್ತು ಹಾಕಿದ್ದೆ.

ಸರಿಯಾದ ದಾರಿ ಹೀಗೆ: ಮಾರಾಟ ಆಗಿದೆಯೋ ಇಲ್ಲವೋ ಎಂಬುದನ್ನು ನೋಡದೆ, ಫೀಡ್‌ನಲ್ಲಿ, ಅಂದರೆ ಗೂಗಲ್‌ಗೆ ಕೊಟ್ಟ ಉತ್ಪನ್ನಗಳ ಪಟ್ಟಿಯಲ್ಲಿ, ಮೊದಲೇ ಇರುವ ಗುಣದ ಮೇಲೆ ಗುಂಪು ಮಾಡಿ. ಉತ್ಪನ್ನದ ವರ್ಗ, ಬ್ರ್ಯಾಂಡ್, ಬೆಲೆಯ ಮಟ್ಟ, ಯಾವುದಾದರೂ ಸರಿ. ಗುಂಪಿಗೆ ಮಾರಾಟ ಆದವನ್ನೂ ಆಗದವನ್ನೂ ಸೇರಿಸಿ. ಆಮೇಲೆ ಬರಬೇಕಾದ ಮಾರಾಟ ಮತ್ತು ಬಂದ ಮಾರಾಟ ಹೋಲಿಸಿ.

ಚಾರ್ಜಿಂಗ್ ಕೇಬಲ್‌ಗಳನ್ನು ನೋಡೋಣ. 80 ಉತ್ಪನ್ನ, 900 ಕ್ಲಿಕ್, 17 ಮಾರಾಟ. ಬರಬೇಕಾದದ್ದು 18. ಆದರೆ ಆ 17 ಮಾರಾಟ 15 ಕೇಬಲ್‌ಗಳಿಂದ ಬಂದಿದೆ, ಉಳಿದ 65 ಸೊನ್ನೆ. ಹಳೆಯ ವಿಧಾನದಲ್ಲಿ ಈ 65ನ್ನೂ ಕಿತ್ತು ಹಾಕುತ್ತಿದ್ದೆವು. ನಿಜದಲ್ಲಿ ಈ ಗುಂಪಿನಲ್ಲಿ ಯಾವ ದೋಷವೂ ಇಲ್ಲ. ಕ್ಲಿಕ್‌ಗಳು ತೆಳ್ಳಗೆ ಹರಡಿವೆ, ಅಷ್ಟೇ.

ಈಗ ಮೊಬೈಲ್ ಕವರ್‌ಗಳು. 110 ಉತ್ಪನ್ನ, 1,500 ಕ್ಲಿಕ್, 6 ಮಾರಾಟ. ಬರಬೇಕಾದದ್ದು 30. ಇಷ್ಟು ದೊಡ್ಡ ವ್ಯತ್ಯಾಸ ಅದೃಷ್ಟದಿಂದ ಆಗುವುದಿಲ್ಲ. ಬಜೆಟ್‌ನ ಎಂಟರಲ್ಲಿ ಒಂದು ಭಾಗ ಇಲ್ಲಿ ಹೋಗುತ್ತಿದೆ. ಆದರೂ ಯಾವ ಒಂದು ಕವರ್ ಕೂಡ ವರದಿಯ ಮೇಲಿನ ಸಾಲುಗಳಲ್ಲಿ ಕಾಣುವುದಿಲ್ಲ.

ತೀರ್ಪು ಸರಿಯೇ ಎಂದು ನೋಡಲು ಒಂದು ಒಳ್ಳೆಯ ಪರೀಕ್ಷೆ ಇದೆ. ಮೊದಲ 60 ದಿನದ ಸೊನ್ನೆ ಪಟ್ಟಿಯನ್ನು ಮುಟ್ಟದೆ ಇಟ್ಟುಕೊಂಡು, ಅವೇ ಐಟಂ ಐಡಿಗಳು ಮುಂದಿನ 30 ದಿನ ಏನು ಮಾಡಿದವು ಎಂದು ನೋಡಿ. ನಮ್ಮ 306ಕ್ಕೆ ಮುಂದಿನ ತಿಂಗಳು 2,000 ಕ್ಲಿಕ್, 26 ಮಾರಾಟ ಬಂತು ಎಂದುಕೊಳ್ಳಿ. ಕವರ್‌ಗಳನ್ನು ಬೇರೆ ಮಾಡಿದರೆ 700 ಕ್ಲಿಕ್‌ಗೆ 3 ಮಾರಾಟ. ಉಳಿದವಕ್ಕೆ 1,300 ಕ್ಲಿಕ್‌ಗೆ 23, ಅಂದರೆ ನೂರಕ್ಕೆ 1.8ರ ಆಸುಪಾಸು. 'ಸತ್ತ' ಉತ್ಪನ್ನಗಳು ಸರಾಸರಿಯ ಹತ್ತಿರಕ್ಕೆ ಬಂದುಬಿಟ್ಟವು. ಕವರ್‌ಗಳು ಮಾತ್ರ ಅಲ್ಲೇ ಉಳಿದವು. ಹಳೆಯ ಮಾಹಿತಿ ಸಾಕಷ್ಟಿದ್ದರೆ ಈ ಪರೀಕ್ಷೆಗೆ ಕಾಯಬೇಕಾಗಿಲ್ಲ, 90 ದಿನವನ್ನು ಎರಡು ತುಂಡು ಮಾಡಿದರೆ ಸಾಕು. ಸೊನ್ನೆ ಪಟ್ಟಿ ಇಟ್ಟುಕೊಂಡು ಬರುವ ಯಾರಿಗಾದರೂ ನಾನು ಮೊದಲು ಹೇಳುವುದು ಇದನ್ನೇ.

ಕಾರಣ ಹುಡುಕುವುದು, ಆಮೇಲೆ ಏನು ಮಾಡುವುದು

ಕವರ್‌ಗಳಿಗೆ ಕ್ಲಿಕ್ ಬರುತ್ತಿದೆ, ಯಾರೂ ಕೊಳ್ಳುತ್ತಿಲ್ಲ. ಜನ ಏನು ಟೈಪ್ ಮಾಡಿ ಬಂದರು ಎಂದು ತಿಳಿಯಬೇಕು. ಸಾಮಾನ್ಯ ಶಾಪಿಂಗ್ ಕ್ಯಾಂಪೇನ್‌ನಲ್ಲಿ ಹುಡುಕಾಟದ ಪದಗಳು ಆ್ಯಡ್ ಗ್ರೂಪ್ ಮಟ್ಟದಲ್ಲಿ ಕಾಣುತ್ತವೆ, ಉತ್ಪನ್ನವಾರು ಅಲ್ಲ. ಆದ್ದರಿಂದ ಅನುಮಾನದ ಗುಂಪನ್ನು ಬೇರೆ ಆ್ಯಡ್ ಗ್ರೂಪ್‌ಗೆ ಹಾಕಿ, ಎರಡು ವಾರ ಬಿಟ್ಟು ಪದಗಳನ್ನು ಓದಿ.

ಇಂಥ ಗುಂಪಿನಲ್ಲಿ ಪದೇ ಪದೇ ಸಿಗುವ ಕಾರಣ ಫೀಡ್‌ನ ಶೀರ್ಷಿಕೆ. 'ಮೊಬೈಲ್ ಕವರ್, ಕಪ್ಪು' ಎಂದಷ್ಟೇ ಇದ್ದು ಫೋನ್‌ನ ಮಾಡೆಲ್ ಇಲ್ಲದಿದ್ದರೆ, ಬೇರೆ ಬೇರೆ ಫೋನ್ ಇರುವವರಿಗೆಲ್ಲ ಅದು ಕಾಣಿಸುತ್ತದೆ. ಅವರು ಕ್ಲಿಕ್ ಮಾಡಿ ಬಂದು, ತಮ್ಮ ಫೋನ್‌ಗೆ ಹೊಂದುವುದಿಲ್ಲ ಎಂದು ನೋಡಿ ಹೋಗುತ್ತಾರೆ. ಉತ್ಪನ್ನದಲ್ಲಿ ತಪ್ಪಿಲ್ಲ, ಹೆಸರಿನಲ್ಲಿದೆ. ಇದಕ್ಕೆ ಮದ್ದು ಮಾಡೆಲ್ ಹೆಸರನ್ನು ಶೀರ್ಷಿಕೆಯ ಮೊದಲಿಗೆ ತರುವುದು.

ಕೆಲವು ಗುಂಪಿಗೆ ಶೀರ್ಷಿಕೆ ತಿದ್ದಿದರೂ ಪ್ರಯೋಜನವಿಲ್ಲ. ಒಂದು ಮಾರಾಟದ ಲಾಭ 12 ಕ್ಲಿಕ್‌ನ ಖರ್ಚಿಗೆ ಸಮ ಎಂದಾದರೆ, ಪ್ರತಿ 12 ಕ್ಲಿಕ್‌ಗೆ ಒಂದು ಮಾರಾಟ ಬೇಕು, ನೂರಕ್ಕೆ 8ಕ್ಕೂ ಜಾಸ್ತಿ. ಸರಾಸರಿ 2 ಇರುವ ಅಂಗಡಿಯಲ್ಲಿ ಅದು ಆಗದ ಮಾತು. ಅಂಥದ್ದಕ್ಕೆ ಬಿಡ್ ಇಳಿಸಿ ಅಥವಾ ಕ್ಯಾಂಪೇನ್‌ನಿಂದ ಬಿಡಿ.

ಗುಂಪನ್ನು ಬೇರೆ ಮಾಡಲು ಫೀಡ್‌ನ `custom_label_0` ಕಾಲಂ ಬಳಸುವುದು ಸುಲಭ. ಮುಖ್ಯ ಫೀಡ್ ಮುಟ್ಟದೆ, ಸಪ್ಲಿಮೆಂಟಲ್ ಫೀಡ್‌ನಲ್ಲಿ ಐಡಿ ಮತ್ತು ಲೇಬಲ್ ಎರಡೇ ಕಾಲಂ ಕೊಟ್ಟರೆ ಸಾಕು. ಆಮೇಲೆ ಆ ಲೇಬಲ್ ಮೇಲೆ ಕ್ಯಾಂಪೇನ್‌ನಲ್ಲಿ ಭಾಗ ಮಾಡಿ. ಇಲ್ಲಿ ಒಂದು ಸಣ್ಣ ತೊಂದರೆ ಇದೆ. ಜಾಹೀರಾತು ವರದಿಯಲ್ಲಿ ಐಡಿ ಸಣ್ಣಕ್ಷರದಲ್ಲಿ ಬರುತ್ತದೆ, `CVR-104-BLK` ಎಂಬುದು `cvr-104-blk` ಆಗಿರುತ್ತದೆ. ವರದಿಯಿಂದ ನೇರ ನಕಲು ಮಾಡಿ ಸಪ್ಲಿಮೆಂಟಲ್ ಫೀಡ್‌ಗೆ ಹಾಕಿದರೆ ಮುಖ್ಯ ಫೀಡ್‌ನ ಐಡಿಗೆ ಹೊಂದುವುದಿಲ್ಲ, ಲೇಬಲ್ ಹತ್ತುವುದಿಲ್ಲ. ಐಡಿಯನ್ನು ಫೀಡ್‌ನಿಂದಲೇ ತನ್ನಿ. ಎರಡನ್ನೂ ಜೋಡಿಸುವಾಗ ಮಾತ್ರ ಸಣ್ಣಕ್ಷರಕ್ಕೆ ತಿರುಗಿಸಿ.

ಅಂಗಡಿಯ ಆರ್ಡರ್ ಪುಸ್ತಕವನ್ನು ಈ ವರದಿಯ ಪಕ್ಕ ಇಟ್ಟರೆ ಗೊಂದಲವಾಗಬಹುದು. ವರದಿ ಮಾರಾಟವನ್ನು ಬರೆಯುವುದು ಕ್ಲಿಕ್ ಆದ ಉತ್ಪನ್ನದ ಹೆಸರಿಗೆ, ಕೊಂಡ ಉತ್ಪನ್ನದ ಹೆಸರಿಗೆ ಅಲ್ಲ. ಕಪ್ಪು ಕವರ್ ನೋಡಿ ಬಂದವರು ನೀಲಿ ಕೊಂಡರೆ ಲೆಕ್ಕ ಕಪ್ಪಿಗೆ ಸೇರುತ್ತದೆ. ಆರ್ಡರ್ ಪುಸ್ತಕದಲ್ಲಿ ಕಪ್ಪು ಒಂದೂ ಹೋಗಿಲ್ಲ ಎಂದು ಅದನ್ನು ಕಿತ್ತು ಹಾಕಿದರೆ, ನೀಲಿಗೆ ಜನರನ್ನು ಕರೆತರುತ್ತಿದ್ದ ಬಾಗಿಲನ್ನೇ ಮುಚ್ಚಿದಂತೆ.

ಶೀರ್ಷಿಕೆ ತಿದ್ದಿದ ಮೇಲೆ ಎಣಿಕೆಯನ್ನು ಆ ದಿನದಿಂದ ಹೊಸದಾಗಿ ಶುರು ಮಾಡಿ. ಹಳೆಯ 1,500 ಕ್ಲಿಕ್ ಇನ್ನು ಲೆಕ್ಕಕ್ಕಿಲ್ಲ. ಕ್ಲಿಕ್ ಸಂಖ್ಯೆ ಇಳಿಯುತ್ತದೆ, ಅದು ಒಳ್ಳೆಯ ಲಕ್ಷಣ, ಯಾಕೆಂದರೆ ಬೇರೆ ಫೋನ್‌ನವರು ಬರುವುದು ನಿಲ್ಲುತ್ತದೆ. ಗುಂಪಿಗೆ ಹೊಸದಾಗಿ 500 ಕ್ಲಿಕ್ ಆದಾಗ 10ರ ಹತ್ತಿರ ಮಾರಾಟ ಇದ್ದರೆ ಕವರ್‌ಗಳು ಉಳಿಯಲಿ. ಇನ್ನೂ ಎರಡು ಮೂರರಲ್ಲೇ ನಿಂತಿದ್ದರೆ ಆಗ ಅವನ್ನು ಹೊರಗೆ ಹಾಕಲು ನಮ್ಮ ಹತ್ತಿರ ಕಾರಣ ಇದೆ.