ಬಿಲ್ಲಿನ ತಕರಾರು ತೀರುವವರೆಗೆ ಗ್ಯಾರೇಜಿನವರು ಕಾರನ್ನು ಹಿಡಿದಿಟ್ಟುಕೊಳ್ಳಬಹುದೇ?

ಪ್ರಶ್ನೆ: ಕ್ಲಚ್ ಬದಲಿಸಲೆಂದು ಕಾರನ್ನು ಗ್ಯಾರೇಜಿಗೆ ಬಿಟ್ಟಿದ್ದೆ. ಜಾಬ್ ಕಾರ್ಡಿನಲ್ಲಿ ಅಂದಾಜು ವೆಚ್ಚ 14,000 ರೂಪಾಯಿ ಎಂದು ಬರೆದಿದ್ದರು. ಈಗ ಬಂದಿರುವ ಬಿಲ್ಲು 31,400 ರೂಪಾಯಿ. ಅದರಲ್ಲಿ ಕ್ಲಚ್ಚಿನ ಕೆಲಸಕ್ಕೆ 14,800, ನಾನು ಹೇಳದೆಯೇ ಮಾಡಿದ ಸಸ್ಪೆನ್ಷನ್ ಕೆಲಸಕ್ಕೆ 11,200, ಹಿಂದೊಮ್ಮೆ ನನ್ನ ಸ್ಕೂಟರ್ ರಿಪೇರಿ ಮಾಡಿದ್ದರ ಬಾಕಿ ಎಂದು 2,400, ಹತ್ತು ದಿನ ಕಾರು ನಿಲ್ಲಿಸಿಕೊಂಡಿದ್ದಕ್ಕೆ ದಿನಕ್ಕೆ 300ರಂತೆ 3,000 ಸೇರಿದೆ. ಪೂರ್ತಿ ಹಣ ಕಟ್ಟದೆ ಕಾರು ಕೊಡುವುದಿಲ್ಲ ಎನ್ನುತ್ತಿದ್ದಾರೆ. ಅವರಿಗೆ ಆ ಹಕ್ಕು ಇದೆಯೇ? ನನ್ನ ಬಳಿ ಇನ್ನೊಂದು ಕೀಲಿ ಇದೆ, ನಾನೇ ಹೋಗಿ ಕಾರು ತಂದುಬಿಡಬಹುದೇ?

ಉತ್ತರ: ಎರಡನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ, ಏಕೆಂದರೆ ಅವಸರಪಟ್ಟರೆ ಹೆಚ್ಚು ಕೆಡುವುದು ಅಲ್ಲಿಯೇ. ದಯವಿಟ್ಟು ಹಾಗೆ ತರಬೇಡಿ. ತನ್ನ ವಸ್ತುವನ್ನು ತಾನೇ ತೆಗೆದುಕೊಂಡರೆ ಅದು ಕಳ್ಳತನ ಹೇಗಾದೀತು ಎಂದು ಅನ್ನಿಸುವುದು ಸಹಜ. ಆದರೆ ಹಳೆಯ ಭಾರತೀಯ ದಂಡ ಸಂಹಿತೆಯ 378ನೇ ಕಲಮು ಇದಕ್ಕೆ ಉದಾಹರಣೆಯನ್ನೇ ಕೊಟ್ಟಿತ್ತು, 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 303ನೇ ಕಲಮಿನಲ್ಲಿಯೂ ಅದು ಉಳಿದಿದೆ. ಗಡಿಯಾರ ರಿಪೇರಿಯ ಹಣ ಬಾಕಿ ಇದ್ದು, ಅದಕ್ಕೆ ಭದ್ರತೆಯಾಗಿ ರಿಪೇರಿಯವನು ಗಡಿಯಾರವನ್ನು ನ್ಯಾಯವಾಗಿ ಇಟ್ಟುಕೊಂಡಿರುವಾಗ, ಆ ಭದ್ರತೆಯನ್ನು ತಪ್ಪಿಸುವ ಉದ್ದೇಶದಿಂದ ಮಾಲೀಕನೇ ಅದನ್ನು ತೆಗೆದುಕೊಂಡು ಹೋದರೆ ಅದು ಕಳ್ಳತನ. ಏನೂ ಬಾಕಿ ಇಲ್ಲದಿದ್ದಾಗ ತೆಗೆದುಕೊಂಡರೆ ಕಳ್ಳತನವಲ್ಲ ಎಂಬ ಉದಾಹರಣೆಯೂ ಅದರ ಜೊತೆಗೇ ಇದೆ. ನಿಮ್ಮ ಪ್ರಕರಣದಲ್ಲಿ ಕ್ಲಚ್ಚಿನ ಹಣವಂತೂ ಬಾಕಿ ಇರುವುದರಿಂದ ನೀವು ಮೊದಲನೆಯ ಉದಾಹರಣೆಗೇ ಹತ್ತಿರವಾಗಿದ್ದೀರಿ.

ಇನ್ನು ಗ್ಯಾರೇಜಿನವರ ಹಕ್ಕಿನ ವಿಚಾರ. ವಕೀಲರು ಲಿಯನ್ ಎಂದು ಕರೆಯುವ ಈ ಹಕ್ಕು 1872ರ ಭಾರತೀಯ ಕರಾರು ಅಧಿನಿಯಮದ 170ನೇ ಕಲಮಿನಲ್ಲಿದೆ. ಒಪ್ಪಿಸಿದ ವಸ್ತುವಿನ ಮೇಲೆ, ಒಪ್ಪಿಸಿದ ಉದ್ದೇಶಕ್ಕೆ ತಕ್ಕಂತೆ, ಶ್ರಮ ಅಥವಾ ಕೌಶಲ ಬೇಕಾಗುವ ಕೆಲಸವನ್ನು ಮಾಡಿದವನು, ಬೇರೆ ಕರಾರು ಇಲ್ಲದಿದ್ದರೆ, ಆ ಕೆಲಸಕ್ಕೆ ಸಲ್ಲಬೇಕಾದ ಪ್ರತಿಫಲ ಬರುವವರೆಗೆ ಆ ವಸ್ತುವನ್ನು ತನ್ನ ಬಳಿ ಉಳಿಸಿಕೊಳ್ಳಬಹುದು. ಹಣ ಕೊಡಲು ಗಡುವು ಕೊಟ್ಟು ಕೆಲಸ ಒಪ್ಪಿಕೊಂಡವನಿಗೆ ಈ ಹಕ್ಕಿಲ್ಲ. ಬಟ್ಟೆ ಹೊಲಿದುಕೊಟ್ಟು ಮೂರು ತಿಂಗಳ ಸಾಲದ ಗಡುವಿಗೆ ಒಪ್ಪಿದ ದರ್ಜಿ ಕೋಟನ್ನು ಹಿಡಿದಿಟ್ಟುಕೊಳ್ಳುವಂತಿಲ್ಲ ಎಂದು ಕಲಮಿನ ಉದಾಹರಣೆಯೇ ಹೇಳುತ್ತದೆ. ಆದ್ದರಿಂದ ಗ್ಯಾರೇಜಿನವರು ಕಾರು ಹಿಡಿದುಕೊಂಡಿದ್ದಾರೆ ಎಂದ ಮಾತ್ರಕ್ಕೆ ಅದು ಅಕ್ರಮವಾಗುವುದಿಲ್ಲ. ಬಿಲ್ಲಿನ ಯಾವ ಸಾಲಿಗಾಗಿ ಹಿಡಿದುಕೊಂಡಿದ್ದಾರೆ ಎಂಬುದನ್ನು ಒಂದೊಂದಾಗಿ ನೋಡಬೇಕು.

ಕ್ಲಚ್ಚಿನ 14,800 ರೂಪಾಯಿ ಹಕ್ಕಿನೊಳಗೆ ಬರುತ್ತದೆ. ಅಂದಾಜೆಂದರೆ ಒಪ್ಪಿದ ಖಚಿತ ಬೆಲೆಯಲ್ಲ, ಬಿಚ್ಚಿ ನೋಡಿದ ಮೇಲೆ ಬಿಡಿಭಾಗದ ದರದಲ್ಲಿ ಸ್ವಲ್ಪ ಏರುಪೇರಾಗುವುದುಂಟು. ಆ 800 ರೂಪಾಯಿಗಾಗಿ ಜಗಳಕ್ಕೆ ನಿಲ್ಲುವುದನ್ನು ನಾನು ಸಲಹೆ ಮಾಡುವುದಿಲ್ಲ. ಸ್ಕೂಟರಿನ 2,400 ಹೊರಗೇ ಉಳಿಯುತ್ತದೆ. ಹಳೆಯ ಲೆಕ್ಕಗಳನ್ನೆಲ್ಲ ಸೇರಿಸಿ ಕೈಗೆ ಸಿಕ್ಕ ವಸ್ತುವನ್ನು ಹಿಡಿದುಕೊಳ್ಳುವ ಹಕ್ಕನ್ನು 171ನೇ ಕಲಮು ಬ್ಯಾಂಕುಗಳು, ಹೈಕೋರ್ಟಿನ ಅಟಾರ್ನಿಗಳು ಮೊದಲಾದ ಕೆಲವರಿಗೆ ಮಾತ್ರ ಕೊಟ್ಟಿದೆ. ಆ ಪಟ್ಟಿಯಲ್ಲಿ ಮೆಕ್ಯಾನಿಕ್ ಇಲ್ಲ, ಪ್ರತ್ಯೇಕ ಕರಾರು ಇದ್ದರೆ ಮಾತು ಬೇರೆ. ನಿಲುಗಡೆಯ 3,000 ಕೂಡ ಹೀಗೆಯೇ. ಗ್ಯಾರೇಜಿನವರು ಕಾರನ್ನು ಇಟ್ಟುಕೊಂಡಿರುವುದು ತಮ್ಮ ಹಣದ ಭದ್ರತೆಗಾಗಿಯೇ ಹೊರತು ನಿಮ್ಮ ಅನುಕೂಲಕ್ಕಲ್ಲ. 170ನೇ ಕಲಮು ಮಾಡಿದ ಕೆಲಸದ ಪ್ರತಿಫಲದ ಬಗ್ಗೆ ಮಾತನಾಡುತ್ತದೆ, ಕಾವಲಿನ ಬಾಡಿಗೆಯ ಬಗ್ಗೆ ಅಲ್ಲ. ಆದರೆ ಜಾಬ್ ಕಾರ್ಡಿನ ಹಿಂಬದಿಯನ್ನು ಒಮ್ಮೆ ಓದಿ. ಕೆಲಸ ಮುಗಿದ ತಿಳಿವಳಿಕೆ ಬಂದು ಇಷ್ಟು ದಿನಗಳಾದ ಮೇಲೆ ನಿಲುಗಡೆ ಶುಲ್ಕ ಬೀಳುತ್ತದೆ ಎಂಬ ಷರತ್ತಿಗೆ ನೀವು ಸಹಿ ಮಾಡಿದ್ದರೆ ಅವರ ವಾದಕ್ಕೆ ಬಲ ಬರುತ್ತದೆ.

ನಿಜವಾದ ತಕರಾರು ಇರುವುದು ಸಸ್ಪೆನ್ಷನ್ನಿನ 11,200ರಲ್ಲಿ. ಕಾರನ್ನು ಬಿಟ್ಟಿದ್ದು ಕ್ಲಚ್ಚಿಗಾಗಿ ಎಂದ ಮೇಲೆ, ಕೇಳದೆ ಮಾಡಿದ ಕೆಲಸ ಒಪ್ಪಿಸಿದ ಉದ್ದೇಶಕ್ಕೆ ತಕ್ಕ ಕೆಲಸವಲ್ಲ. ಆದರೆ ‘ಲೋವರ್ ಆರ್ಮ್ ಹೋಗಿದೆ, ಬದಲಿಸಲೇ ಸಾರ್?’ ಎಂದು ಅವರು ಫೋನ್ ಮಾಡಿ, ನೀವು ‘ಸರಿ, ನೋಡಿ ಮಾಡಿ’ ಎಂದಿದ್ದರೆ ಅದು ಒಪ್ಪಿಗೆಯೇ. ವಾಟ್ಸಾಪಿನಲ್ಲಿ ಕಳುಹಿಸಿದ ಒಂದು ಹೆಬ್ಬೆರಳಿನ ಚಿತ್ರವೂ ನಿಮ್ಮ ವಿರುದ್ಧ ಸಾಕ್ಷಿಯಾಗಬಹುದು, ಆದ್ದರಿಂದ ಮೊದಲು ನಿಮ್ಮ ಸಂದೇಶಗಳನ್ನು ನೀವೇ ಪರಿಶೀಲಿಸಿ. ನಿಜಕ್ಕೂ ಒಪ್ಪಿಗೆ ಇರಲಿಲ್ಲವೆಂದರೆ, ಹೊಸ ಭಾಗಗಳನ್ನು ಬಿಚ್ಚಿಕೊಂಡು ಹಳೆಯವನ್ನೇ ಕೂಡಿಸಿಕೊಡಿ ಎಂದು ಬರಹದಲ್ಲಿ ತಿಳಿಸಿ. ಹಾಗೆ ತಿಳಿಸಿದ್ದರೆ, ಬೇಡವೆಂದರೂ ಲಾಭವನ್ನು ಅನುಭವಿಸಿದಿರಿ ಎಂಬ ಆಕ್ಷೇಪಕ್ಕೆ ಆಸ್ಪದ ಕಡಿಮೆಯಾಗುತ್ತದೆ.

ಈಗ ನಿಮ್ಮ ಮುಂದೆ ಎರಡು ದಾರಿಗಳಿವೆ. ಕಾರಿಲ್ಲದೆ ಕೆಲವು ದಿನ ನಡೆಯುತ್ತದೆ ಎಂದಾದರೆ, ಬಿಲ್ಲಿನ ಯಾವ ಸಾಲನ್ನು ಒಪ್ಪುತ್ತೀರಿ, ಯಾವುದನ್ನು ಏಕೆ ಒಪ್ಪುವುದಿಲ್ಲ ಎಂದು ಇಮೇಲಿನಲ್ಲೋ ತಲುಪಿದ್ದಕ್ಕೆ ದಾಖಲೆ ಸಿಗುವಂತೆ ಸ್ಪೀಡ್ ಪೋಸ್ಟಿನಲ್ಲೋ ಬರೆದು, 14,800 ರೂಪಾಯಿಯನ್ನು ದಾಖಲೆ ಉಳಿಯುವಂತೆ ಯುಪಿಐ ಅಥವಾ ಬ್ಯಾಂಕಿನ ಮೂಲಕ ಪಾವತಿಸಿ ಕಾರನ್ನು ಕೇಳಿ. ಸಲ್ಲಬೇಕಾದದ್ದು ಸಂದ ಮೇಲೂ ಕಾರನ್ನು ಕೊಡದಿದ್ದರೆ ಅಲ್ಲಿಂದ ಮುಂದಿನದು ಅಕ್ರಮ ಹಿಡಿತ. ಆ ಅವಧಿಯಲ್ಲಿ ಕಾರಿಗೆ ಆಗುವ ಹಾನಿಗೆ 161ನೇ ಕಲಮಿನಂತೆ ಗ್ಯಾರೇಜಿನವರೇ ಹೊಣೆ. ಈ ದಾರಿಯಲ್ಲಿ ಒಂದು ಅಪಾಯವೂ ಇದೆ. ಸಸ್ಪೆನ್ಷನ್ನಿಗೆ ನಿಮ್ಮ ಒಪ್ಪಿಗೆ ಇತ್ತೆಂದು ಮುಂದೆ ಸಾಬೀತಾದರೆ, ನೀವು ಕೊಟ್ಟ ಹಣ ಕಡಿಮೆಯಾಗಿತ್ತು, ಅವರು ಕಾರು ಹಿಡಿದದ್ದು ಸರಿಯೇ ಆಗಿತ್ತು ಎಂದಾಗುತ್ತದೆ.

ಕಾರು ತಕ್ಷಣ ಬೇಕೇ ಬೇಕು ಎಂದಾದರೆ ಪೂರ್ತಿ ಕಟ್ಟಿ ಬಿಡಿಸಿಕೊಂಡು, ಹೆಚ್ಚುವರಿ ಹಣಕ್ಕಾಗಿ ಆಮೇಲೆ ಹೋರಾಡಬಹುದು. ಬಹಳ ಜನ ಇದನ್ನು ಸೋಲೊಪ್ಪಿಕೊಂಡಂತೆ ಎಂದು ಭಾವಿಸುತ್ತಾರೆ, ನನ್ನ ಅಭಿಪ್ರಾಯದಲ್ಲಿ ಹೆಚ್ಚಿನ ಪ್ರಕರಣಗಳಿಗೆ ಇದೇ ಹಿತವಾದ ದಾರಿ. ಬಲವಂತಕ್ಕೆ ಒಳಗಾಗಿ ಕೊಟ್ಟ ಹಣವನ್ನು ಹಿಂದಿರುಗಿಸಬೇಕು ಎನ್ನುವ 72ನೇ ಕಲಮು, ಸರಕು ಬಿಡಿಸಿಕೊಳ್ಳಲು ರೈಲ್ವೆ ಕಂಪನಿ ಕೇಳಿದ ಅಕ್ರಮ ಶುಲ್ಕವನ್ನು ಕಟ್ಟಿದವನು ಹೆಚ್ಚುವರಿಯನ್ನು ಮರಳಿ ಪಡೆಯಬಹುದು ಎಂಬ ಉದಾಹರಣೆಯನ್ನು ಕೊಡುತ್ತದೆ. ಹಣ ಕಟ್ಟುವ ಮೊದಲೇ ಅಥವಾ ಕಟ್ಟುವಾಗಲೇ ‘16,600 ರೂಪಾಯಿಯನ್ನು ಆಕ್ಷೇಪಣೆಯೊಂದಿಗೆ, ವಾಹನ ಬಿಡಿಸಿಕೊಳ್ಳುವ ಸಲುವಾಗಿ ಮಾತ್ರ ಪಾವತಿಸುತ್ತಿದ್ದೇನೆ’ ಎಂದು ಬರೆದು ಕಳುಹಿಸಿ. ‘ಯಾವ ತಕರಾರೂ ಇಲ್ಲ, ತೃಪ್ತಿಯಾಗಿದೆ’ ಎಂದು ಮುದ್ರಿಸಿದ ಚೀಟಿಗೆ ಸಹಿ ಕೇಳುವುದು ವಾಡಿಕೆ. ಅದರ ಮೇಲೆಯೇ ಆಕ್ಷೇಪಣೆಯನ್ನು ಕೈಯಲ್ಲಿ ಬರೆದು ಸಹಿ ಮಾಡಿ, ಫೋಟೋ ತೆಗೆದುಕೊಳ್ಳಿ.

ಹಣ ಬರಲಿಲ್ಲವೆಂದು ಕಾರನ್ನು ಮಾರಿಬಿಡುತ್ತೇವೆ ಎಂದು ಹೆದರಿಸಿದರೆ ಅಂಜಬೇಡಿ. ಅಡವು ಹಿಡಿದವನಿಗೆ 176ನೇ ಕಲಮಿನಲ್ಲಿ ಇರುವ ಮಾರಾಟದ ಅಧಿಕಾರವನ್ನು 170ನೇ ಕಲಮು ಕೊಟ್ಟಿಲ್ಲ. ನೋಂದಣಿ ವರ್ಗಾವಣೆಗೆ ಬೇಕಾಗುವ ಫಾರಂ 29 ಮತ್ತು 30ಕ್ಕೆ ಸಹಿ ಮಾಡಿಕೊಡದಿದ್ದರೆ ಸಾಕು. ಕಾರನ್ನು ಓಡಿಸುವ ಹಕ್ಕೂ ಅವರಿಗಿಲ್ಲ. ಬಿಟ್ಟ ದಿನದ ಮತ್ತು ಪಡೆದ ದಿನದ ಓಡೋಮೀಟರಿನ ಫೋಟೋಗಳಲ್ಲಿ ಟೆಸ್ಟ್ ಡ್ರೈವಿಗೆ ಮೀರಿದ ಕಿಲೋಮೀಟರುಗಳು ಕಂಡರೆ ಅದು ಬೇರೆಯೇ ದೂರು. ಪೊಲೀಸರು ಬಿಲ್ಲಿನ ತಕರಾರನ್ನು ಸಾಮಾನ್ಯವಾಗಿ ಸಿವಿಲ್ ವ್ಯಾಜ್ಯವೆಂದು ಹೇಳಿ ಕಳುಹಿಸುತ್ತಾರೆ. ಕಾರನ್ನು ಮಾರಿದ್ದರೆ ಅಥವಾ ಮರೆಮಾಡಿದ್ದರೆ ಮಾತ್ರ ಅಲ್ಲಿಗೆ ಹೋಗುವುದು ಸಾರ್ಥಕ.

ದೂರನ್ನು ನೀವು ವಾಸಿಸುವ ಜಿಲ್ಲೆಯ ಗ್ರಾಹಕರ ವ್ಯಾಜ್ಯ ಪರಿಹಾರ ಆಯೋಗದಲ್ಲಿಯೇ ಸಲ್ಲಿಸಬಹುದು. ಪಾವತಿಸಿದ ಮೊತ್ತ 5 ಲಕ್ಷ ರೂಪಾಯಿಯೊಳಗೆ ಇದ್ದರೆ ಶುಲ್ಕವಿಲ್ಲ, ತಕರಾರು ಹುಟ್ಟಿದ ದಿನದಿಂದ ಎರಡು ವರ್ಷಗಳ ಕಾಲಾವಕಾಶವಿದೆ. ಮೊದಲು 1915 ಸಹಾಯವಾಣಿಗೆ ಕರೆ ಮಾಡಿ ನೋಡಬಹುದು. ಕಾರು ಇನ್ನೂ ಗ್ಯಾರೇಜಿನಲ್ಲಿಯೇ ಇದ್ದರೆ, 2019ರ ಗ್ರಾಹಕ ಸಂರಕ್ಷಣಾ ಅಧಿನಿಯಮದ 38(8)ನೇ ಕಲಮಿನಡಿ ಮಧ್ಯಂತರ ಆದೇಶಕ್ಕೂ ದೂರಿನ ಜೊತೆಗೇ ಅರ್ಜಿ ಹಾಕಿ. ತಕರಾರಿನ ಮೊತ್ತವನ್ನು ಆಯೋಗದಲ್ಲಿ ಠೇವಣಿ ಇಡಲು ಸಿದ್ಧನಿದ್ದೇನೆ ಎಂದು ಅದರಲ್ಲಿ ಬರೆದರೆ, ಗ್ಯಾರೇಜಿನವರಿಗೆ ಬೇಕಾದ ಭದ್ರತೆ ಕಾರಿನಿಂದ ಹಣಕ್ಕೆ ವರ್ಗವಾದಂತಾಗಿ, ಕಾರನ್ನು ಬಿಡಿಸಿಕೊಡಿ ಎಂಬ ನಿಮ್ಮ ಕೋರಿಕೆಗೆ ಗಟ್ಟಿಯಾದ ಆಧಾರ ಸಿಗುತ್ತದೆ.